ಸ್ಟಿಕ್ಕರ್ ನಂಬರಿಗೆ ಬಂದ ಕರೆಗಳು

ನಿಂಗಮ್ಮನ ಬಗ್ಗೆ ಬರೆಯಬೇಕೆಂದರೆ ಅವಳ ಮಗನಿಂದಲೇ ಶುರುಮಾಡಬೇಕು. ನನಗೆ ಸಿಟ್ಟು ಬರುವುದೂ ಅದಕ್ಕೇ. ಈಸೂರಿನಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದು, ಊರಿನ ಎಷ್ಟೋ ಮನೆಗಳಿಗೆ ಹಪ್ಪಳ ಸಂಡಿಗೆ ಮಾಡಿಕೊಟ್ಟು, ಗಂಡನನ್ನು ಮಣ್ಣು ಮಾಡಿ, ಮಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಹೆಂಗಸು. ಆದರೂ ಕೇರಿಯಲ್ಲಿ ಯಾರನ್ನು ಕೇಳಿ, 'ಪ್ಲಂಬರ್ ಸಿದ್ಧಲಿಂಗೇಶನ ಅವ್ವ' ಎನ್ನುತ್ತಾರೆಯೇ ಹೊರತು ಅವಳ ಹೆಸರು ಹೇಳುವುದಿಲ್ಲ. ನಾನಾದರೂ ಹೇಳುತ್ತೇನೆ.

ನಾನು ಮಮತಾ. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಮದುವೆ, ಹುಟ್ಟುಹಬ್ಬ, ಶ್ರದ್ಧಾಂಜಲಿ, ಎಲ್ಲವನ್ನೂ ಒಂದೇ ಮಷೀನಿನಲ್ಲಿ ಮುದ್ರಿಸುತ್ತೇನೆ. ಈಚೆಗೆ ಫ್ಲೆಕ್ಸಿಗಿಂತ ಮೊಬೈಲ್ ಜಾಹೀರಾತಿನ ಕೆಲಸವೇ ಹೆಚ್ಚು. ಮನೆಯಲ್ಲಿ ನಲ್ಲಿ ಸೋರಿದರೆ ಜನ ಈಗ ಪಕ್ಕದ ಮನೆಯವರನ್ನು ಕೇಳುವುದಿಲ್ಲ, ಫೋನಿನಲ್ಲಿ ಹುಡುಕುತ್ತಾರೆ. ಹುಡುಕಿದಾಗ ಮೇಲೆ ಬರುವ ಹೆಸರು ನಮ್ಮ ಗಿರಾಕಿಯದಾಗಿರಬೇಕು, ಒತ್ತಿದರೆ ನೇರ ಅವನಿಗೇ ಕರೆ ಹೋಗಬೇಕು. ಆ ಕೆಲಸವನ್ನು ನಾನು ಮಾಡಿಕೊಡುತ್ತೇನೆ.

ಸಿದ್ಧಲಿಂಗೇಶನ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಗೋಡೆ ಒಡೆಯದೆ ಸೋರುವ ಜಾಗವನ್ನು ಹುಡುಕುತ್ತಿದ್ದ. ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಜೊತೆಗೆ ಕೆಲಸಕ್ಕೆ ಬಂದವರು ಪೈಪಿನ ತಿರುವಿಗೆ ಹಾಕುವ ಎಲ್ಬೋ ತಪ್ಪು ಸೈಜಿನದು ಕೊಟ್ಟರೆ ಅದೇ ಎಲ್ಬೋವನ್ನು ಅವರ ಮುಖಕ್ಕೆ ಬೀಸುತ್ತಿದ್ದ. ಹೀಗಾಗಿ ಅವನ ಹತ್ತಿರ ಯಾರೂ ನಿಲ್ಲಲಿಲ್ಲ, ಒಬ್ಬನೇ ದುಡಿಯುತ್ತಿದ್ದ. ಊರಿನ ಜನ 'ಕೆಲಸಗಾರ, ಸ್ವಲ್ಪ ಕೋಪ ಜಾಸ್ತಿ' ಎಂದು ಮಾತು ಮುಗಿಸುತ್ತಿದ್ದರು. ಸ್ವಲ್ಪವಂತೆ.

ನಮ್ಮೂರ ಪ್ಲಂಬರ್‌ಗಳಲ್ಲಿ ಒಂದು ಕಟ್ಟಳೆ ಇದೆ. ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಮೊದಲು ಪೈಪು ಎಳೆದವನದೇ ಆ ಮನೆ. ಅಲ್ಲಿಗೆ ಬೇರೆಯವನನ್ನು ಕರೆದರೆ ಅವನು ಮೊದಲಿನವನಿಗೆ ಫೋನು ಮಾಡಿ, 'ಇಂಥ ಮನೆಯಿಂದ ಕರೆ ಬಂದಿದೆ, ಹೋಗಲಾ' ಎಂದು ಕೇಳಬೇಕು. ಕೇಳದೆ ಹೋದರೆ ಜಗಳ. ಸಿದ್ಧಲಿಂಗೇಶನಿಗೆ ದೊಡ್ಡಪೇಟೆ, ಕೆರೆ ಕಡೆಯ ಕೇರಿ, ಹೊಸ ಲೇಔಟು, ಇಷ್ಟೇ ಜಗತ್ತು. ಜಾಹೀರಾತು ಮಾಡಿಸಲು ಬಂದಾಗಲೂ ಅದನ್ನೇ ಹೇಳಿದ.

"ಇದ್ರಾಚಿಗೆ ನಂಗ ಕರೇನ ಬ್ಯಾಡ ಮಮತಕ್ಕ. ಸೊರಬದಿಂದ ಒಬ್ಬ, ಆನವಟ್ಟಿಯಿಂದ ಒಬ್ಬ ಫೋನ್ ಮಾಡಿದ್ರ ನಾ ಏನ್ ಹಾರಿ ಹೋಗ್ಲಾ?"

"ನಕಾಶೆ ಮ್ಯಾಲ ವೃತ್ತ ಹಾಕ್ತೀನಿ, ಅದ್ರೊಳಗ ಇದ್ದೋರಿಗೆ ಕಾಣ್ತೈತಿ," ಎಂದೆ. "ಆದ್ರ ಆ ವೃತ್ತ ಒಂದು ಕಿಲೋಮೀಟರಿಗಿಂತ ಸಣ್ಣದಾಗಂಗಿಲ್ಲ. ನಮ್ಮೂರೇ ಎಷ್ಟೈತಿ ಹೇಳು. ಪಕ್ಕದ ಕೇರಿಯೋರಿಗೂ ಕಾಣ್ತೈತಿ. ಮೊಬೈಲು ಎಲ್ಲೈತಿ ಅನ್ನೋದು ಅದಕ್ಕೂ ಕರಾರುವಾಕ್ಕಾಗಿ ಗೊತ್ತಾಗಂಗಿಲ್ಲ."

ಮೊದಲ ವಾರ ನಿಜವಾಗಿಯೂ ಸೊರಬದಿಂದ ಕರೆಗಳು ಬಂದವು. ಜಾಹೀರಾತಿನ ಸೆಟ್ಟಿಂಗಿನಲ್ಲಿ ಆ ಜಾಗದಲ್ಲಿ ಇರುವವರಿಗಷ್ಟೇ ತೋರಿಸಬೇಕೋ, ಆ ಜಾಗದ ಬಗ್ಗೆ ಹುಡುಕುವವರಿಗೂ ತೋರಿಸಬೇಕೋ ಎಂಬ ಆಯ್ಕೆ ಇರುತ್ತದೆ. ನಾವು ಮುಟ್ಟದಿದ್ದರೆ ಎರಡೂ ಆನ್ ಆಗಿರುತ್ತವೆ. ಸೊರಬದಲ್ಲಿ ಕೂತು ಶಿಕಾರಿಪುರದ ಪ್ಲಂಬರನ್ನು ಹುಡುಕಿದವರಿಗೂ ಇವನ ಹೆಸರು ಕಂಡಿತ್ತು. ಎರಡನೆಯದನ್ನು ತೆಗೆದೆ, ಆ ಕರೆಗಳು ನಿಂತವು.

ಆಮೇಲೆ ಮೂರು ನಂಬರು ತೆಗೆದುಕೊಟ್ಟೆ. ಇವು ಸಿಮ್ ಇಲ್ಲದ ನಂಬರುಗಳು, ಒಂದು ಕಂಪನಿ ಬಾಡಿಗೆಗೆ ಕೊಡುತ್ತದೆ. ಯಾರು ಒತ್ತಿದರೂ 'ಈ ಕರೆ ರೆಕಾರ್ಡ್ ಆಗುತ್ತದೆ' ಎಂದು ಒಂದು ಮಾತು ಕೇಳಿಸಿ, ಕರೆ ಸಿದ್ಧಲಿಂಗೇಶನ ಮೊಬೈಲಿಗೆ ತಿರುಗುತ್ತದೆ. ಒಂದು ನಂಬರು ಮೊಬೈಲ್ ಜಾಹೀರಾತಿಗೆ, ಒಂದು ಪೇಪರಿನೊಳಗೆ ಹಾಕುವ ಕರಪತ್ರಕ್ಕೆ, ಇನ್ನೊಂದು ಅವನು ಕೆಲಸ ಮಾಡಿದ ಮನೆಯ ಟ್ಯಾಂಕಿಗೋ ಮೋಟಾರ್ ಡಬ್ಬಿಗೋ ಅಂಟಿಸುವ ಸ್ಟಿಕ್ಕರಿಗೆ. ಯಾವ ನಂಬರಿಗೆ ಕರೆ ಬಂತೆಂದು ನೋಡಿದರೆ ಗಿರಾಕಿ ಎಲ್ಲಿಂದ ಬಂದನೆಂದು ತಿಳಿಯುತ್ತದೆ. ದುಡ್ಡು ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬಿಡಬೇಕೆಂದು ಗೊತ್ತಾಗುತ್ತದೆ.

ಸ್ಟಿಕ್ಕರುಗಳ ಕಟ್ಟನ್ನು ಕೊಡಲು ಅವನ ಮನೆಗೆ ಹೋದ ದಿನ ನಿಂಗಮ್ಮ ಚಹಾ ತಂದಳು. ಸೊಸೆ ರೋಜಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಸೊರಬದ ಹುಡುಗಿ, ಮೆಲ್ಲಗೆ ಮಾತಾಡುತ್ತಾಳೆ. ನಂಬರು ಸರಿಯಾಗಿ ತಿರುಗುತ್ತದೆಯೋ ನೋಡಬೇಕಿತ್ತು, ನನ್ನ ಫೋನಿನಲ್ಲಿ ಚಾರ್ಜು ಇರಲಿಲ್ಲ. ನಿಂಗಮ್ಮನ ಬಟನ್ ಫೋನು ಇಸಿದುಕೊಂಡು ಸ್ಟಿಕ್ಕರ್ ನಂಬರು ಒತ್ತಿದೆ. ಮಗನ ಮೊಬೈಲು ರಿಂಗಾಯಿತು.

"ನೋಡು, ನಿನ್ನ ಫೋನಿನಾಗ ಕಾಣೋದು ಕಂಪನಿ ನಂಬರು," ಎಂದು ಅವನಿಗೆ ತೋರಿಸಿದೆ. "ಯಾರು ಮಾಡ್ಯಾರ ಅನ್ನೋದು ನನ್ನ ಕಂಪ್ಯೂಟರಿನಾಗ ಮಾತ್ರ ಇರ್ತೈತಿ. ಅದಕ್ಕ ಪ್ರತಿ ಕರೇನೂ ಎತ್ತಬೇಕು. ನೀ ಎತ್ತದಿದ್ರ ಗಿರಾಕಿ ಕಾಯಂಗಿಲ್ಲ, ಕೆಳಗಿನ ಹೆಸರು ಒತ್ತತಾನ."

"ಎತ್ತತೀನಿ. ಊಟದ ತಾಟಿನ ಮುಂದಿಂದಾದ್ರೂ ಎದ್ದು ಎತ್ತತೀನಿ," ಎಂದ. ನಿಂಗಮ್ಮ ಫೋನನ್ನು ಸೆರಗಿನಲ್ಲಿ ಒರೆಸಿ ಒಳಗೆ ಇಟ್ಟುಕೊಂಡಳು.

ಅವನು ಮಾತಿನಂತೆಯೇ ನಡೆದ. ಇಷ್ಟು ಚೆನ್ನಾಗಿ ಕರೆ ಎತ್ತುವ ಗಿರಾಕಿ ನನಗೆ ಇನ್ನೊಬ್ಬ ಇರಲಿಲ್ಲ. ಬೇಸಿಗೆಯ ಹೊತ್ತಿಗೆ ಅವನಿಗೆ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ. ಒಂದು ದಿನ ಅಂಗಡಿಗೆ ಬಂದವನು ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ.

"ಯಾವನೋ ಆಟ ಆಡಾಕ ಹತ್ಯಾನ ಮಮತಕ್ಕ. ಫೋನ್ ಬರ್ತೈತಿ, ಎತ್ತತೀನಿ, ಮಾತಿಲ್ಲ ಕತಿ ಇಲ್ಲ. ಸಿಗ್ನಲ್ ಇಲ್ಲೇನೋ ಅಂತ ಬೀದಿಗೆ ಹೋಗಿ ನಿಲ್ತೀನಿ. ಕಟ್. ಯಾವನು ಅಂತ ನಂಬರ್ ತೆಗದು ಕೊಡು."

"ನೋಡಿ ಹೇಳ್ತೀನಿ," ಎಂದೆ.

"ನೋಡೋದೇನು, ಅವನೇ, ಆ ಮೊಯಿನ್. ನನ್ನ ಜಾಹೀರಾತಿನ ದುಡ್ಡು ಸುಡಾಕ ಮಾಡ್ತಾನ."

ಮೊಯಿನ್ ಕೂಡ ಪ್ಲಂಬರ್, ಮಾರ್ಕೆಟ್ ಹಿಂದಿನ ಕೇರಿಯವನು. ಅವನ ಜಾಹೀರಾತನ್ನೂ ನಾನೇ ಮಾಡುತ್ತಿದ್ದೆ. ಇಬ್ಬರ ವೃತ್ತಗಳೂ ಒಂದರ ಮೇಲೊಂದು ಬೀಳುತ್ತಿದ್ದವು. ಹೊಸ ಲೇಔಟಿನ ಒಂದು ಮನೆಯವರು ಫೋನಿನಲ್ಲಿ ಹುಡುಕಿ ಮೊಯಿನ್‌ನನ್ನು ಕರೆದಿದ್ದರು. ಅದು ಸಿದ್ಧಲಿಂಗೇಶ ಪೈಪು ಎಳೆದ ಮನೆಯೆಂದು ಅವನಿಗೆ ಗೊತ್ತಿರಲಿಲ್ಲ, ಕೇಳದೆ ಹೋಗಿ ಗೀಸರ್ ಜೋಡಿಸಿ ಬಂದಿದ್ದ. ಆ ಹಳೆಯ ಸಿಟ್ಟು ಒಳಗೇ ಕುದಿಯುತ್ತಿತ್ತು.

ಆ ವಾರ ಹಾರ್ಡ್‌ವೇರ್ ಅಂಗಡಿಯ ಮುಂದೆ ನನ್ನ ಕಣ್ಣೆದುರಿಗೇ ಹೊಡೆದಾಟವಾಯಿತು. ಹೊಡೆದಾಟವೆಂದರೆ ಎರಡು ಕಡೆಯಿಂದಲೂ ಕೈ ಎದ್ದಿರಬೇಕು, ಇಲ್ಲಿ ಹೊಡೆತ ಮಾತ್ರ. ಮೊಯಿನ್ ಬಾಗಿ ಪೈಪು ಕಟ್ಟುತ್ತಿದ್ದ. ಸಿದ್ಧಲಿಂಗೇಶ ಹಿಂದಿನಿಂದ ಬಂದು ಕಾಲರ್ ಹಿಡಿದೆಳೆದು ಷಟರಿಗೆ ಬಡಿದ. ತಗಡಿನ ಸದ್ದಿಗೆ ರಸ್ತೆಯವರೆಲ್ಲ ತಿರುಗಿದರು.

"ಫೋನ್ ಮಾಡಿ ಕಟ್ ಮಾಡ್ತೀಯೇನಲೇ?"

"ಯಾವ ಫೋನು ಅಣ್ಣಾ? ಖುದಾ ಕಸಂ, ನಂಗೇನೂ ಗೊತ್ತಿಲ್ಲ," ಎಂದ ಮೊಯಿನ್. ಮಾತು ಮುಗಿಯುವುದರೊಳಗೆ ಬಾಯಿಗೆ ಗುದ್ದು ಬಿತ್ತು. ತುಟಿ ಒಡೆಯಿತು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಅಂಗಡಿಯ ಕೆಲಸದವರು ಹಿಡಿಯದಿದ್ದರೆ ಇನ್ನೂ ಒದೆಯುತ್ತಿದ್ದ. ನಾನು ಕೂಗಿದೆ, ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ನನ್ನ ಗುರುತೇ ಇರಲಿಲ್ಲ. ಹೊರಗಿನವನಿಗೆ ಹೀಗೆ ಬಡಿಯುವವನು ಮನೆಯಲ್ಲಿ ಹೇಗಿರುತ್ತಾನೆಂಬ ಯೋಚನೆ ನನಗೆ ಬಂದದ್ದು ಆಗಲೇ.

ಮೊಯಿನ್‌ನ ಹೆಸರು ತೊಳೆಯಬೇಕೆಂಬ ಹಟಕ್ಕೆ ಅಂಗಡಿಗೆ ಬಂದು ಕಂಪ್ಯೂಟರ್ ಮುಂದೆ ಕುಳಿತೆ. ಖಾಲಿ ಕರೆಗಳೆಲ್ಲ ಸ್ಟಿಕ್ಕರ್ ನಂಬರಿಗೇ ಬಂದಿದ್ದವು. ಅದಕ್ಕೆ ಜಾಹೀರಾತಿನ ದುಡ್ಡು ಖರ್ಚಾಗುವುದೇ ಇಲ್ಲ, ಖರ್ಚಾಗುವುದು ಮೊಬೈಲಿನಲ್ಲಿ ಜಾಹೀರಾತನ್ನು ಒತ್ತಿದಾಗ. ವೈರಿಗೆ ನಷ್ಟ ಮಾಡಬೇಕೆಂದವನು ಅದನ್ನು ಬಿಟ್ಟು ಇದಕ್ಕೇಕೆ ಮಾಡುತ್ತಾನೆ? ಮೇಲಾಗಿ ಸ್ಟಿಕ್ಕರ್ ಇರುವುದು ಸಿದ್ಧಲಿಂಗೇಶ ಕೆಲಸ ಮಾಡಿದ ಮನೆಗಳಲ್ಲಿ ಮಾತ್ರ. ಎಲ್ಲ ಕರೆಗಳೂ ಒಂದೇ ಮೊಬೈಲಿನಿಂದ, ಹೆಚ್ಚಾಗಿ ಅವನು ಕೆಲಸ ಮುಗಿಸಿ ಮನೆ ಸೇರುವ ಸಂಜೆಯ ಹೊತ್ತಿಗೆ.

ರೆಕಾರ್ಡಿಂಗ್ ಹಾಕಿದೆ. ಕರೆಗಳನ್ನು ಕೇಳಿ, ಇದು ಕೆಲಸ, ಇದು ಬರೀ ವಿಚಾರಣೆ, ಇದು ಹೊರಗಿನ ಊರು ಎಂದು ಗುರುತು ಹಾಕುವುದು ನನ್ನ ಕೆಲಸವೇ. ಸಿದ್ಧಲಿಂಗೇಶ ಏದುಸಿರು ಬಿಡುತ್ತಾ, "ಹಲೋ, ಹೇಳ್ರೀ, ಯಾವ ಮನಿ?" ಎನ್ನುತ್ತಿದ್ದ. ಅವನ ಹಿಂದೆ ಒಬ್ಬ ಹೆಂಗಸು ಬಿಕ್ಕುತ್ತಿದ್ದಳು. ಕರೆ ಮಾಡಿದವರ ಕಡೆಯಿಂದ ಮಾತಿಲ್ಲ. ಆದರೆ ಕಿವಿಗೊಟ್ಟು ಕೇಳಿದರೆ ಅವನ 'ಯಾವ ಮನಿ' ಎಂಬ ಮಾತು ಆ ಕಡೆಯಿಂದಲೂ ಸಣ್ಣಗೆ ಬರುತ್ತಿತ್ತು, ಅದೇ ಬಿಕ್ಕಳಿಕೆಯೂ ಬರುತ್ತಿತ್ತು. ಫೋನು ಮಾಡಿದವರೂ ಎತ್ತಿದವನೂ ಒಂದೇ ಮನೆಯಲ್ಲಿದ್ದರು.

ಇನ್ನೊಂದು ರೆಕಾರ್ಡಿಂಗಿನಲ್ಲಿ ಅವನು ಕರೆ ಎತ್ತಿದ ಮೇಲೂ ಒಂದು ಏಟು ಬಿದ್ದ ಸದ್ದಿತ್ತು. ಅದಾದ ಮೇಲೆ ಗಿರಾಕಿಯನ್ನು ಮಾತಾಡಿಸುವ ಮೆತ್ತನೆಯ ದನಿಯಲ್ಲಿ, "ಹೇಳ್ರೀ ಸರ," ಎನ್ನುತ್ತಾನೆ. ಹೆಡ್‌ಫೋನ್ ಕಿತ್ತು ಒಗೆದೆ.

ಅದು ನಿಂಗಮ್ಮನ ನಂಬರೇ. ಅಂದು ನಾನೇ ಪರೀಕ್ಷೆಗೆಂದು ಅವಳ ಫೋನಿನಿಂದ ಮಾಡಿದ ಕರೆ ಪಟ್ಟಿಯ ತಳದಲ್ಲಿ ಇನ್ನೂ ಇತ್ತು.

ಮರುದಿನ ಅವಳನ್ನು ಅಂಗಡಿಗೆ ಕರೆಸಿ ಬಾಗಿಲು ಮುಂದಕ್ಕೆ ಮಾಡಿದೆ. ಅವಳು ಏನನ್ನೂ ಮುಚ್ಚಿಡಲಿಲ್ಲ. ಕುರ್ಚಿಯ ಅಂಚಿನಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಹೇಳಿದಳು.

"ನನ್ನ ಗಂಡನೂ ಹಿಂಗ ಇದ್ದ ತಂಗಿ. ಪಂಪ್‌ಸೆಟ್ ರಿಪೇರಿ ಮಾಡ್ತಿದ್ದ, ಮನೀಗೆ ಬಂದ್ರ ನನ್ನ ರಿಪೇರಿ ಮಾಡ್ತಿದ್ದ. ಅತ್ತಿ ಬಿಡಿಸಿಕೊಳ್ಳಾಕ ಬಂದ್ರ ಆಕಿಗೂ ಬೀಳ್ತಿತ್ತು, ಆಮ್ಯಾಲ ನಂಗ ಎರಡರಷ್ಟು. ಆದ್ರ ಬಾಗಿಲಾಗ ಯಾರಾದ್ರೂ 'ಮೋಟಾರ್ ಸುಟ್ಟೈತ್ರೀ' ಅಂತ ಬಂದ್ರ ಕೈ ಇಳೀತಿತ್ತು. ಗಿರಾಕಿ ಮುಂದ ಇಂಥೋರು ಒಳ್ಳೇರಾಗಬೇಕಲ್ಲ. ನಾ ದಿನಾ ದೇವ್ರಿಗೆ ಕೇಳ್ತಿದ್ದೆ, ಒಬ್ಬ ಗಿರಾಕಿ ಕಳಸಪ್ಪಾ ಅಂತ."

"ಅದಕ್ಕ ನೀವು ಗಿರಾಕಿ ಆದ್ರಿ," ಎಂದೆ.

"ನೀನ ಹೇಳಿದ್ಯಲ್ಲ, ಯಾರು ಮಾಡಿದ್ದು ಅಂತ ಅವಂಗ ಕಾಣಂಗಿಲ್ಲ ಅಂತ. ಅವನು ಕೈ ಎತ್ತಿದ ಕೂಡ್ಲೇ ನಾ ಒಳಗಿನ ಕ್ವಾಣಿಗೆ ಹೋಗಿ ಬಾಗಿಲು ಹಾಕ್ಕೋತೀನಿ, ಒತ್ತತೀನಿ. ಫೋನು ಹಿಡಕೊಂಡು ಬೀದಿಗೆ ಹೋಗ್ತಾನ. ತಿರುಗಿ ಬರೋದ್ರೊಳಗ ಅರ್ಧ ಸಿಟ್ಟು ಇಳಿದಿರ್ತೈತಿ."

"ರೋಜಾಗೆ ಗೊತ್ತೈತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಆಕಿ ಸಣ್ಣಾಕಿ. ಬಾಯ್ತಪ್ಪಿ ಅಂದಾಳು. ನಾ ಬಾಗಿಲು ಹಾಕ್ಕೊಳ್ಳೋದಷ್ಟ ಆಕಿಗೆ ಗೊತ್ತು. ಅದಕ್ಕ ನನ್ನ ಮುಖ ನೋಡಿ ಮಾತಾಡಂಗಿಲ್ಲ. ಇರ್ಲಿ ಬಿಡು."

ಆ 'ಇರ್ಲಿ ಬಿಡು' ಕೇಳಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಪೊಲೀಸ್ ಸ್ಟೇಷನ್ನಿಗೆ ಹೋಗೋಣ ನಡೆಯಿರಿ, ರೆಕಾರ್ಡಿಂಗೇ ಸಾಕು ಎಂದೆ. ಅವಳು ನನ್ನ ಕೈ ಹಿಡಿದುಕೊಂಡು, "ಸೊರಬದಾಗ ಆಕಿ ಅಣ್ಣಂಗ ಹೇಳಿ ಕಳಸೀನಿ. ಬಂದು ಕರಕೊಂಡು ಹೋಗ್ತೀನಿ ಅಂದಾನ. ಅಲ್ಲೀ ತನಕ ಆ ನಂಬರ್ ನಡೀಲಿ. ಅವಂಗ ಮಾತ್ರ ಹೇಳಬ್ಯಾಡ," ಎಂದಳು. ಒಪ್ಪಿದೆ.

ಸಿದ್ಧಲಿಂಗೇಶ ಬಂದಾಗ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಕಂಪನಿಯ ಲೈನಿನ ತೊಂದರೆ, ತಾನಾಗಿಯೇ ಖಾಲಿ ಕರೆಗಳು ಹೋಗುತ್ತಿವೆ, ಮೊಯಿನ್‌ನದು ತಪ್ಪಿಲ್ಲ, ಹೋಗಿ ಅವನ ಕಾಲು ಹಿಡಿ ಎಂದೆ. ಅವನು ಸ್ಕ್ರೀನಿನ ಕಡೆ ಕೈ ಮಾಡಿದ.

"ಹಂಗಾದ್ರ ಪಟ್ಟಿ ತೋರಿಸು."

"ತೋರಿಸೋದಿಲ್ಲ. ನಿನ್ನ ಕೈಗೆ ಯಾರ ನಂಬರೂ ಕೊಡೋದಿಲ್ಲ. ಮೊಯಿನ್‌ನ ಗತಿ ನೋಡೀನಿ."

"ದುಡ್ಡು ನಂದು, ಲೆಕ್ಕ ನಂದು," ಎಂದು ಮಾನಿಟರನ್ನು ತಳ್ಳಿದ. ಅದು ಮೇಜಿನಿಂದ ಕೆಳಗೆ ಬಿದ್ದು ಗಾಜು ಬಿರಿಯಿತು. ನಾನು ಬ್ಯಾನರ್ ಕತ್ತರಿಸುವ ಕತ್ತರಿ ಎತ್ತಿಕೊಂಡೆ. ಎಷ್ಟು ಧೈರ್ಯವಿತ್ತೋ ನನಗೇ ಗೊತ್ತಿಲ್ಲ. ಅವನು ಕತ್ತರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹೆಲ್ಮೆಟ್ ಹಾಕಿಕೊಂಡು ಹೋದ.

ಆದರೆ ಅವನು ಹೇಳಿದ್ದು ಸುಳ್ಳಲ್ಲ, ಖಾತೆ ಅವನ ಹೆಸರಿನಲ್ಲೇ ಇತ್ತು. ಲಾಗಿನ್ ಮಾಡಲು ಬೇಕಾದ ಓಟಿಪಿ ಅವನ ಮೊಬೈಲಿಗೇ ಹೋಗುತ್ತಿತ್ತು. ಅಷ್ಟು ದಿನ ಅವನಿಗೆ ಅದು ತಿಳಿದಿರಲಿಲ್ಲ, ಅಷ್ಟೆ. ಒಂದು ಸಂಜೆ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ್ದಾನೆ, ಅವರು ಹೇಗೆ ತೆರೆಯಬೇಕೆಂದು ಹೇಳಿಕೊಟ್ಟಿದ್ದಾರೆ. ಅವರ ಕೆಲಸ ಅವರು ಮಾಡಿದರು. 'ನಿಮ್ಮ ಖಾತೆ ಹೊಸ ಮೊಬೈಲಿನಲ್ಲಿ ತೆರೆದಿದೆ' ಎಂಬ ಸಂದೇಶ ನನಗೆ ಬಂದಾಗ ನಾನು ಒಂದು ನಾಮಕರಣದ ಫ್ಲೆಕ್ಸಿಗೆ ಮಗುವಿನ ಫೋಟೋ ಕೂರಿಸುತ್ತಿದ್ದೆ.

ಏನಾಗುತ್ತದೆಂದು ಆ ಕ್ಷಣವೇ ತಿಳಿಯಿತು. ಪಟ್ಟಿಯಲ್ಲಿನ ನಂಬರನ್ನು ಅವನು ತನ್ನ ಫೋನಿನಲ್ಲಿ ಒತ್ತಿ ನೋಡುತ್ತಾನೆ. ಒತ್ತಿದ ತಕ್ಷಣ 'ಅವ್ವ' ಎಂದು ಬರುತ್ತದೆ. ನಾನು ನಿಂಗಮ್ಮನಿಗೆ ಫೋನು ಮಾಡಿದೆ, ಸ್ವಿಚ್ ಆಫ್. 112ಕ್ಕೆ ಕರೆ ಮಾಡಿ ಮನೆಯ ಗುರುತು ಹೇಳಿದೆ. ಆಮೇಲೆ ನಿಂಗಮ್ಮ ಮಾಡುತ್ತಿದ್ದುದನ್ನೇ ಮಾಡಿದೆ. ಸ್ಟಿಕ್ಕರ್ ನಂಬರು ಒತ್ತಿದೆ.

ರಿಂಗಾಗುತ್ತಲೇ ಹೋಯಿತು. ಅವನು ಎತ್ತಲಿಲ್ಲ. ಮತ್ತೆ ಒತ್ತಿದೆ. ಊಟದ ತಾಟಿನ ಮುಂದಿನಿಂದ ಎದ್ದು ಬರುತ್ತೇನೆಂದವನು ಎತ್ತಲಿಲ್ಲ. ಸ್ಕೂಟಿಯನ್ನು ಅವರ ಮನೆಯಿದ್ದ ಕೆರೆ ಕೇರಿಯ ಕಡೆ ತಿರುಗಿಸಿದೆ, ಫೋನು ಕಿವಿಗೂ ಹೆಲ್ಮೆಟ್ಟಿಗೂ ನಡುವೆ ಸಿಕ್ಕಿಕೊಂಡು ರಿಂಗಾಗುತ್ತಲೇ ಇತ್ತು.

ಆ ಹೊತ್ತಿಗೆ ಮನೆಯಲ್ಲಿ ನಡೆದದ್ದನ್ನು ರೋಜಾ ಆಮೇಲೆ ಹೇಳಿದಳು. ಅವನು ಚಪ್ಪಲಿ ಕೂಡ ಬಿಡದೆ ನೇರ ಅಡುಗೆಮನೆಗೆ ಬಂದ. ಅವ್ವನ ಬಟನ್ ಫೋನನ್ನು ಕಿತ್ತು ಬಚ್ಚಲ ಕಲ್ಲಿಗೆ ಅಪ್ಪಳಿಸಿದ. "ಯಾವ ಕೈಲಿ ಒತ್ತಿದ್ದಿ? ಈ ಕೈಲೇನು? ಆಕಿ ಮ್ಯಾಲ ನಾ ಕೈ ಎತ್ತಿದಾಗೆಲ್ಲ ಫೋನ್ ಮಾಡಿ ನನ್ನ ಬೀದ್ಯಾಗ ಕುಣಿಸಿದ್ಯಾ?" ಎಂದು ಕೂಗುತ್ತಾ ಅವಳ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿಹಿಡಿದು ಕಾಲಿನಿಂದ ತುಳಿದ. ಮೂಳೆ ಮುರಿದ ಸದ್ದು ರೋಜಾಗೆ ಕೇಳಿಸಿತು. ಅವಳು ಅಲ್ಲಿಯವರೆಗೆ ಗೋಡೆಗೆ ಅಂಟಿ ನಿಂತಿದ್ದಳು. ಬಾಗಿಲು ಹಾಕಿಕೊಳ್ಳುತ್ತಿದ್ದ ಅತ್ತೆ ಒಳಗೆ ಏನು ಮಾಡುತ್ತಿದ್ದಳೆಂದು ಅವಳಿಗೆ ಗೊತ್ತಾದದ್ದು ಗಂಡನ ಆ ಬೈಗುಳದಿಂದಲೇ.

ಆಗ ಅವನ ಕಿಸೆಯಲ್ಲಿ ಫೋನು ರಿಂಗಾಯಿತು. ಅದು ನನ್ನ ಕರೆ. ರೋಜಾ ಅವನ ಕೈಯನ್ನೇ ನೋಡಿದಳಂತೆ. ಪ್ರತಿ ಸಲ ಆ ಸದ್ದಿಗೆ ಇಳಿಯುತ್ತಿದ್ದ ಕೈ ಈ ಸಲ ಇಳಿಯಲಿಲ್ಲ. "ಬಡಕೊಳ್ಲಿ," ಎಂದು ಅವನು ಅವ್ವನ ಕೂದಲಿಗೆ ಕೈ ಹಾಕಿದ. ಫೋನು ನಿಂತು, ಮತ್ತೆ ಬಡಿದುಕೊಳ್ಳತೊಡಗಿತು. ಇನ್ನು ಯಾವ ಗಿರಾಕಿಯೂ ಬರುವುದಿಲ್ಲವೆಂದು ರೋಜಾಗೆ ತಿಳಿಯಿತು.

ಬಾಗಿಲ ಬಳಿ ಅವನ ಸಾಮಾನಿನ ಚೀಲವಿತ್ತು. ಅದರಿಂದ ಪೈಪು ತಿರುಗಿಸುವ ದೊಡ್ಡ ಕಬ್ಬಿಣದ ಪಾನಾ ಎಳೆದು ಎರಡೂ ಕೈಯಿಂದ ಬೀಸಿದಳು. ಮೊದಲ ಏಟು ಭುಜಕ್ಕೆ ಬಿತ್ತು. ಅವನು ತಿರುಗಿ ಅವಳ ಕುತ್ತಿಗೆಗೆ ಕೈ ಚಾಚಿದಾಗ ಎರಡನೆಯದು ಮೊಣಕೈಗೆ. ಕೆಳಗೆ ಕುಸಿದವನ ಮಂಡಿಗೆ ಮೂರನೆಯದು. ಮದುವೆಯಾದಂದಿನಿಂದ ತನಗೆ ಬಿದ್ದ ಯಾವ ಏಟಿಗೂ ಅವಳು ಕೈ ಎತ್ತಿರಲಿಲ್ಲ. ಅತ್ತೆಗೆ ಬಿದ್ದಾಗ ಎತ್ತಿದಳು.

ನಾನು ಒಳಗೆ ಹೋದಾಗ ಅವನು ಗೋಡೆಗೊರಗಿ ಬಾಯಿ ತೆರೆದು ಉಸಿರಾಡುತ್ತಿದ್ದ. ಕೈ ಅಡ್ಡಾದಿಡ್ಡಿ ತೂಗುತ್ತಿತ್ತು. ರೋಜಾ ಪಾನಾ ಹಿಡಿದು ಅತ್ತೆಯ ಮುಂದೆ ನಿಂತಿದ್ದಳು, ನನ್ನನ್ನು ಕಂಡರೂ ಇಳಿಸಲಿಲ್ಲ. ನಿಂಗಮ್ಮ ಮುರಿದ ಕೈಯನ್ನು ಎದೆಗೆ ಅವುಚಿಕೊಂಡು ಸೊಸೆಯ ಸೀರೆಯ ನೆರಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದಿದ್ದಳು. ನೆಲದ ಮೇಲೆ ಅಲ್ಲಲ್ಲಿ ರಕ್ತ, ಹಿಟ್ಟು ಚೆಲ್ಲಿತ್ತು. ಅವನ ಮೇಲೆ ನನಗೆ ಕನಿಕರ ಬರಲಿಲ್ಲ, ಈಗಲೂ ಬಂದಿಲ್ಲ.

ಪೊಲೀಸರು ಬಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ಅವನನ್ನು ನೋಡಿ ಶಿವಮೊಗ್ಗಕ್ಕೆ ಕಳಿಸಿದರು, ಜೊತೆಗೆ ಒಬ್ಬ ಪೇದೆ ಹೋದ. ಹೆಂಗಸರ ವಾರ್ಡಿನಲ್ಲಿ ಎಸ್‌ಐ ಹೇಳಿಕೆ ಬರೆದುಕೊಳ್ಳಲು ಕುಳಿತಾಗ, "ಅವನಿಗೆ ಹೊಡೆದೋರು ಯಾರು?" ಎಂದು ಕೇಳಿದರು.

"ನಾನು," ಎಂದಳು ರೋಜಾ.

"ಆಕಿ ಅಲ್ರೀ ಸಾಹೇಬ್ರ, ನಾನು," ಎಂದಳು ನಿಂಗಮ್ಮ. ಅವಳ ಕೈಗೆ ಆಗಷ್ಟೇ ಪಟ್ಟಿ ಹಾಕಿದ್ದರು.

"ಈ ಮುರಿದ ಕೈಯಲ್ಲಿ ಹೊಡೆದ್ರಾ ಅಜ್ಜಿ?"

"ಮುರಿಯೋಕಿಂತ ಮೊದ್ಲ ಹೊಡದೆ. ಹೆತ್ತಾಕಿ ನಾನು, ಹೊಡೆಯೋ ಹಕ್ಕು ನಂದು. ಬರಕೊಳ್ರಿ."

ಎಸ್‌ಐ ಪೆನ್ನು ಕೆಳಗಿಟ್ಟರು. ನಾನು ರೆಕಾರ್ಡಿಂಗುಗಳನ್ನು ಕೇಳಿಸಿದೆ, ಏಟಿನ ಸದ್ದಿದ್ದದ್ದನ್ನು ಎರಡು ಸಲ ಕೇಳಿದರು. ಪ್ರತಿಯನ್ನು ಅಸಲಿಯೆಂಬ ಪ್ರಮಾಣಪತ್ರದ ಜೊತೆ ಕೊಡಬೇಕೆಂದರು, ಕೊಟ್ಟೆ. ಕೇಸು ಈಗ ಕೋರ್ಟಿನಲ್ಲಿದೆ. ತನ್ನನ್ನೂ ತನ್ನವರನ್ನೂ ಉಳಿಸಿಕೊಳ್ಳಲು ಎತ್ತಿದ ಕೈ ಎಂದು ರೋಜಾಳ ಪರವಾಗಿ ವಕೀಲರು ವಾದಿಸುತ್ತಿದ್ದಾರೆ. ಮೊಯಿನ್ ಕೂಡ ಹೊಲಿಗೆ ಹಾಕಿದ ತುಟಿಯಲ್ಲೇ ಸ್ಟೇಷನ್ನಿಗೆ ಬಂದು ದೂರು ಕೊಟ್ಟ. ಸ್ಟಿಕ್ಕರ್ ನಂಬರಿಗೆ ಬರುವ ಕರೆಗಳು ಈಗ ರೋಜಾಳ ಫೋನಿಗೆ ತಿರುಗುತ್ತವೆ, ಅವಳು ಕೆಲಸವನ್ನು ಮೊಯಿನ್‌ಗೆ ಹಂಚುತ್ತಾಳೆ. ಅದೆಲ್ಲ ಆಮೇಲಿನ ಮಾತು.

ಎಸ್‌ಐ ಹೋದ ಮೇಲೆ ರೋಜಾ ನನ್ನ ಫೋನು ಕೇಳಿದಳು. "ಅತ್ತೆ ಮಾಡಿದ್ದೆಲ್ಲ ಇದ್ರಲ್ಲಿ ಇರ್ತದಾ ಅಕ್ಕಾ?" ಪಟ್ಟಿ ತೆಗೆದುಕೊಟ್ಟೆ. ಬೆರಳಿನಿಂದ ಮೇಲೆ ಸರಿಸುತ್ತಾ ಹೋದಳು. ಒಂದೊಂದು ತಾರೀಖಿನ ಹತ್ತಿರ ಬೆರಳು ನಿಲ್ಲುತ್ತಿತ್ತು, ಆ ದಿನ ಏನಾಗಿತ್ತೆಂದು ಅವಳಿಗೆ ನೆನಪಿತ್ತು. ಯುಗಾದಿಯ ಹತ್ತಿರ ಬಂದು ಅಲ್ಲೇ ಮೇಲೆ ಕೆಳಗೆ ಹುಡುಕಿದಳು.

"ಹಬ್ಬದ ಮಾರನೇ ದಿನದ್ದು ಇಲ್ಲ," ಎಂದಳು. ಅವಳ ಎಡಗಿವಿ ಕೇಳದಂತಾದದ್ದು ಆ ದಿನವೇ. ಅವನು ಸುಸ್ತಾಗುವವರೆಗೆ ಹೊಡೆದಿದ್ದ. "ಅವತ್ತು ಎಂತಕ್ಕೆ ಮಾಡ್ಲಿಲ್ಲ ಅತ್ತೆ?"

ನಿಂಗಮ್ಮ ಮಗ್ಗುಲಾದಳು. ಇಷ್ಟು ಹೊತ್ತು ಎಸ್‌ಐ ಮುಂದೆಯೂ ಒದ್ದೆಯಾಗದ ಕಣ್ಣು ಈಗ ತುಂಬಿತು.

"ಒತ್ತಿದೆ ಮಗಳ. ಒತ್ತಿದೆ, ಒತ್ತಿದೆ, ಹೋಗ್ಲೇ ಇಲ್ಲ. ಕರೆನ್ಸಿ ಮುಗಿದಿತ್ತು. ಅದನ್ನ ಹಾಕಿಸಿ ಕೊಡೋನೂ ಅವನೇ."

ರೋಜಾ ಫೋನನ್ನು ನನ್ನ ಕೈಗೆ ಕೊಟ್ಟು ಮಂಚದ ಮೇಲೆ ಅತ್ತೆಯ ಪಕ್ಕ ಹತ್ತಿ ಮಲಗಿದಳು. ಕೇಳಿಸುವ ಕಿವಿ ನಿಂಗಮ್ಮನ ಬಾಯಿಯ ಹತ್ತಿರ ಬರುವಂತೆ ತಲೆ ಇಟ್ಟುಕೊಂಡು, "ಹೇಳಿ ಅತ್ತೆ, ಕೇಳ್ತಾ ಇದೀನಿ," ಎಂದಳು.